ರೊಟ್ಟಿ ಮಷಿನ್ ಈಗಲೇ ತರಲೋ, ನಾಲ್ಕು ತಿಂಗಳು ಕಾಯಲೋ? ನನ್ನ ಡಿಸಿಷನ್ ಟ್ರೀ ನೋಡಿ ಹೇಳಿ

ಖಡಕ್ ರೊಟ್ಟಿ (ಕಲಬುರಗಿ)

ಎಲ್ಲರಿಗೂ ಶರಣು. ನಾನು ಆರು ವರ್ಷದಿಂದ ಮನೆಯಲ್ಲೇ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತಿದ್ದೇನೆ. ಮೂರು ಜನ ಹೆಣ್ಮಕ್ಕಳು ರೊಟ್ಟಿ ಬಡಿಯಲು ಬರುತ್ತಾರೆ. ಈಗ ಮಷಿನ್ ತಂದು, ಪ್ಯಾಕೆಟ್ ಮಾಡಿ, ಖಾನಾವಳಿ ಮತ್ತು ಕಿರಾಣಿ ಅಂಗಡಿಗಳಿಗೆ ದೊಡ್ಡದಾಗಿ ಕೊಡಬೇಕು ಅಂತ ಆಸೆ. ಪುಣೆ, ಹೈದರಾಬಾದ್ ಕಡೆಯಿಂದಲೂ ಕೇಳುತ್ತಾರೆ. ಆದರೆ ಕೇಳುವುದು ಬೇರೆ, ತಿಂಗಳು ತಿಂಗಳು ಕೊಳ್ಳುವುದು ಬೇರೆ ಅಲ್ವಾ.

ಮಷಿನ್, ಹಿಟ್ಟು ಕಲಸುವ ಯಂತ್ರ, ಪ್ಯಾಕಿಂಗ್, ಜಾಗದ ಡಿಪಾಸಿಟ್ ಎಲ್ಲ ಸೇರಿ 9 ಲಕ್ಷ ಬೇಕು. ಎರಡು ವರ್ಷದ ಲೆಕ್ಕ ಹಾಕಿದೆ. ಬೇಡಿಕೆ ಚೆನ್ನಾಗಿದ್ದರೆ ಜೋಳ, ಕರೆಂಟ್, ಕೂಲಿ, ಸಾಗಣೆ ಎಲ್ಲ ಕಳೆದು 22 ಲಕ್ಷ ಕೈಗೆ ಬರುತ್ತದೆ. ಅಂದರೆ 13 ಲಕ್ಷ ಉಳಿತಾಯ. ಬೇಡಿಕೆ ಇಲ್ಲದಿದ್ದರೆ ಮಷಿನ್ ಮಾರಿದ ದುಡ್ಡೂ ಸೇರಿ 3 ಲಕ್ಷ ಬಂದೀತು. ಅಲ್ಲಿಗೆ 6 ಲಕ್ಷ ಲುಕ್ಸಾನು.

ಇನ್ನೊಂದು ದಾರಿ ಇದೆ. ನಾಲ್ಕು ತಿಂಗಳು ಕೈಯಲ್ಲಿ ಬಡಿದ ರೊಟ್ಟಿಯನ್ನೇ ಪ್ಯಾಕೆಟ್ ಮಾಡಿ ಹತ್ತು ಅಂಗಡಿಗಳಲ್ಲಿ ಇಟ್ಟು ನೋಡುವುದು. ಅದಕ್ಕೆ 60 ಸಾವಿರ ಖರ್ಚು. ಓಡಿದರೆ ಮಷಿನ್, ಓಡದಿದ್ದರೆ ಬಿಟ್ಟು ಬಿಡುವುದು.

ಮಗನ ಹತ್ತಿರ ಕುಳಿತು ಡಿಸಿಷನ್ ಟ್ರೀ ಬರೆಸಿದೆ, ಅಂದರೆ ಯಾವ ದಾರಿ ಹಿಡಿದರೆ ಏನೇನಾಗಬಹುದು ಅಂತ ಕೊಂಬೆ ಕೊಂಬೆಯಾಗಿ ಬಿಡಿಸಿದ ಮರ. ಬೇಡಿಕೆ ಹೇಗಿರುತ್ತದೋ ಗೊತ್ತಿಲ್ಲ, ಅದಕ್ಕೆ ಅರ್ಧಕ್ಕರ್ಧ ಹಾಕಿದೆವು. ಈಗಲೇ ತಂದರೆ 13ರ ಅರ್ಧ 6.5, ಅದರಲ್ಲಿ 6ರ ಅರ್ಧ 3 ಕಳೆದರೆ ಇಎಂವಿ, ಅಂದರೆ ಸಾಧ್ಯತೆ ಹಿಡಿದು ಹಾಕಿದ ಸರಾಸರಿ, 3.5 ಲಕ್ಷ. ಕಾದರೆ 13ರ ಅರ್ಧ 6.5, ಆ ಕಡೆ ಲುಕ್ಸಾನು ಇಲ್ಲ, 60 ಸಾವಿರ ಕಳೆದರೆ 5.9 ಲಕ್ಷ. ಕಾಯುವುದೇ ಸರಿ ಅಂತ ಬಂತು. ಆದರೂ ಮನಸ್ಸಿಗೆ ಸಮಾಧಾನ ಇಲ್ಲ. ಎಲ್ಲೋ ಏನೋ ತಪ್ಪಿದೆ ಅನಿಸುತ್ತಿದೆ. ತಿಳಿದವರು ಹೇಳಿ.

ಯಾದಗಿರಿ ಅಂಗಡಿ

ಅಕ್ಕಾ, ಲೆಕ್ಕ ಸರಿ ಇದೆ. ಕಾಯುವುದು ಯಾವಾಗಲೂ ಮೇಲು. ನೋಡಿ ಹೆಜ್ಜೆ ಇಡುವವನಿಗೆ ನೋಡದೆ ಇಡುವವನಿಗಿಂತ ಕಡಿಮೆ ಬರಲು ಸಾಧ್ಯವೇ ಇಲ್ಲ. ವಿಷಯ ತಿಳಿದ ಮೇಲೆ ಮಷಿನ್ ತರುವುದು, ಬಿಡುವುದು ಎರಡೂ ನಿಮ್ಮ ಕೈಯಲ್ಲೇ ಇರುತ್ತದೆ. 60 ಸಾವಿರಕ್ಕೆ ಆ ಸ್ವಾತಂತ್ರ್ಯ ಸಿಗುತ್ತಿದ್ದರೆ ಅದು ಅಗ್ಗ.

ಸೇಡಂ ರೈತ

ನನ್ನದೂ ಇದೇ ಪ್ರಶ್ನೆ. ಹೋದ ವರ್ಷದ 40 ಚೀಲ ತೊಗರಿ ಇನ್ನೂ ಗೋದಾಮಿನಲ್ಲಿದೆ. ಈಗಲೇ ಮಾರಲೋ, ಕಾಯಲೋ? ಇದೇ ಲೆಕ್ಕ ಹಾಕಿದರೆ ಕಾಯುವುದೇ ಲಾಭ ಅಂತ ಬರುತ್ತದಾ?

ಬೀದರ್ ಲೆಕ್ಕ

ಸೇಡಂ ಅಣ್ಣಾ, ನಿಮ್ಮದು ಬೇರೆ ಮರ. ಅಕ್ಕನವರು ಕಾಯುವಾಗ ಒಂದು ಪರೀಕ್ಷೆ ಮಾಡುತ್ತಾರೆ. ಅದರ ಫಲ ನೋಡಿ ಮಷಿನ್ ಬೇಡ ಅನ್ನಬಹುದು, 9 ಲಕ್ಷ ಉಳಿಯುತ್ತದೆ. ನಿಮ್ಮ ತೊಗರಿ ಆಗಲೇ ಗೋದಾಮಿನಲ್ಲಿದೆ, ಯಾವತ್ತಾದರೂ ಮಾರಲೇಬೇಕು. ಕಾದಷ್ಟು ದಿನ ಬಾಡಿಗೆ, ಬಡ್ಡಿ, ಹುಳದ ಭಯ. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬಂದರೆ ರೇಟಿನ ಮೇಲೆ ಒತ್ತಡ ಬೀಳುವುದು ನಿಮಗೇ ಗೊತ್ತು. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಕೂತು ಲೆಕ್ಕ ಮಾಡೋಣ.

ಅಕ್ಕಾ, ಈಗ ನಿಮ್ಮ ವಿಷಯ. ನಿಮ್ಮ ಮನಸ್ಸು ಹೇಳಿದ್ದು ಸರಿ. "ಕಾಯುವ" ಕೊಂಬೆಯಲ್ಲಿ ಎರಡು ತಪ್ಪಿವೆ.

ಮೊದಲನೆಯದು, ನಿಮ್ಮ ಪರೀಕ್ಷೆ ಯಾವತ್ತೂ ಸುಳ್ಳು ಹೇಳುವುದಿಲ್ಲ ಅಂತ ಮರ ನಂಬಿದೆ. ಹತ್ತು ಅಂಗಡಿಯಲ್ಲಿ ಓಡಿತು ಅಂದರೆ ಬೇಡಿಕೆ ನಿಜವಾಗಿಯೂ ಇದೆ, ಓಡಲಿಲ್ಲ ಅಂದರೆ ನಿಜವಾಗಿಯೂ ಇಲ್ಲ ಅಂತ. ಹಾಗಿರಲ್ಲ. ಮೊದಲ ವಾರ ಪರಿಚಯದವರೇ ಬಂದು ಕೊಳ್ಳುತ್ತಾರೆ. ಇನ್ನೊಂದು ಕಡೆ, ಅಂಗಡಿಯವನು ಪ್ಯಾಕೆಟನ್ನು ಕೆಳಗಿನ ಸಾಲಿನಲ್ಲಿ ಇಟ್ಟರೆ ಒಳ್ಳೆ ಮಾಲೂ ಓಡುವುದಿಲ್ಲ.

ಎರಡನೆಯದು, ಕಾದ ಮೇಲೂ 13 ಲಕ್ಷವೇ ಸಿಗುತ್ತದೆ ಅಂತ ಬರೆದಿದ್ದೀರಿ. ಇದು ಅಕ್ಟೋಬರ್. ನಾಲ್ಕು ತಿಂಗಳ ಪರೀಕ್ಷೆ ಅಂದರೆ ಫೆಬ್ರವರಿ. ಆಮೇಲೆ ಮಷಿನ್ ಬುಕ್ ಮಾಡಿ, ಅದು ಬಂದು, ಕೂರಿಸಿ, ಕೈಗೆ ಹತ್ತುವ ಹೊತ್ತಿಗೆ ಏಪ್ರಿಲ್ ಮುಗಿಯುತ್ತದೆ. ಶರಣಬಸವೇಶ್ವರರ ಜಾತ್ರೆ ಹೋಯಿತು, ಮದುವೆ ಹಂಗಾಮು ಅರ್ಧ ಹೋಯಿತು. ಅದಕ್ಕೆ ಎಷ್ಟು ಕಳೆಯಬೇಕು ಅಂತ ನೀವೇ ಹೇಳಬೇಕು, ನನಗೆ ಗೊತ್ತಾಗಲ್ಲ.

ಖಡಕ್ ರೊಟ್ಟಿ (ಕಲಬುರಗಿ)

ಹೌದಲ್ಲಾ. ಮದುವೆ ಆರ್ಡರ್ ಹೋದರೆ ದೊಡ್ಡ ಪೆಟ್ಟು. ಜೊತೆಗೆ ನೋಡಿಟ್ಟ ಜಾಗದ ಮಾಲೀಕರು ನಾಲ್ಕು ತಿಂಗಳು ಕಾಯಲ್ಲ. ಒಟ್ಟು 3 ಲಕ್ಷ ಕಡಿಮೆ ಅಂತ ಹಿಡಿಯುತ್ತೇನೆ. 13ರ ಬದಲು 10.

ಪರೀಕ್ಷೆ ಎಷ್ಟು ಸರಿ ಹೇಳುತ್ತದೆ ಅನ್ನೋದನ್ನ ಹೇಗೆ ಅಂದಾಜು ಮಾಡಲಿ?

ಬೀದರ್ ಲೆಕ್ಕ

ಸದ್ಯಕ್ಕೆ ಹೀಗೆ ಹಿಡಿಯೋಣ. ಬೇಡಿಕೆ ನಿಜವಾಗಿ ಇದ್ದರೆ 10ರಲ್ಲಿ 8 ಸಲ ಪರೀಕ್ಷೆ "ಹೌದು" ಅನ್ನುತ್ತದೆ. ಬೇಡಿಕೆ ಇಲ್ಲದಿದ್ದರೂ 10ರಲ್ಲಿ 3 ಸಲ "ಹೌದು" ಅಂದು ಮೋಸ ಮಾಡುತ್ತದೆ. ಇವು ನನ್ನ ಅಂದಾಜು, ಆಮೇಲೆ ಬದಲಿಸಬಹುದು.

ಈಗ ನಿಮ್ಮಂಥ 100 ಜನ ರೊಟ್ಟಿ ಅಕ್ಕಂದಿರು ಇದ್ದಾರೆ ಅಂದುಕೊಳ್ಳಿ. ನಿಮ್ಮ ಅರ್ಧಕ್ಕರ್ಧ ಲೆಕ್ಕದಲ್ಲಿ 50 ಜನರಿಗೆ ನಿಜವಾದ ಬೇಡಿಕೆ ಇದೆ. ಅವರಲ್ಲಿ 40 ಜನಕ್ಕೆ ಪರೀಕ್ಷೆ "ಹೌದು" ಅನ್ನುತ್ತದೆ. ಉಳಿದ 10 ಜನ ಒಳ್ಳೆ ವ್ಯಾಪಾರ ಇದ್ದೂ ಕೈಬಿಡುತ್ತಾರೆ. ಬೇಡಿಕೆ ಇಲ್ಲದ 50ರಲ್ಲಿ 15 ಜನಕ್ಕೆ ಪರೀಕ್ಷೆ ಸುಳ್ಳು "ಹೌದು" ಅನ್ನುತ್ತದೆ. ಅವರು ಮಷಿನ್ ತಂದು ಸಿಕ್ಕಿಬೀಳುತ್ತಾರೆ.

40 ಜನಕ್ಕೆ 10 ಲಕ್ಷದಂತೆ 400. ಅದರಲ್ಲಿ 15 ಜನದ 6 ಲಕ್ಷದ ಲುಕ್ಸಾನು 90 ಕಳೆಯಿರಿ. ಉಳಿದದ್ದು 310 ಲಕ್ಷ. 100 ಜನಕ್ಕೆ ಹಂಚಿದರೆ ತಲೆಗೆ 3.1 ಲಕ್ಷ. ಎಲ್ಲರೂ ಪರೀಕ್ಷೆಗೆ 60 ಸಾವಿರ ಖರ್ಚು ಮಾಡಿದ್ದಾರೆ. ಆದ್ದರಿಂದ ಕಾಯುವ ಕೊಂಬೆಗೆ 2.5 ಲಕ್ಷ.

ಈಗಲೇ ತರುವ ಕೊಂಬೆ 3.5 ಲಕ್ಷ. ಉತ್ತರ ತಿರುಗಿ ಬಿತ್ತು ನೋಡಿ.

ಯಾದಗಿರಿ ಅಣ್ಣಾ, ನೀವು ಹೇಳಿದ್ದು ಅರ್ಧ ಸತ್ಯ. ವಿಷಯ ಪುಕ್ಕಟೆ ಸಿಕ್ಕರೆ, ಕಾಯುವಾಗ ಏನೂ ಕಳೆದುಕೊಳ್ಳದಿದ್ದರೆ, ಕಾಯುವುದು ಕೆಡುಕಾಗಲು ಸಾಧ್ಯವಿಲ್ಲ. ಇಲ್ಲಿ 60 ಸಾವಿರ ಸಣ್ಣ ಖರ್ಚು. ದೊಡ್ಡ ಖರ್ಚು ಆ ಕಳೆದುಹೋದ 3 ಲಕ್ಷ. ಅದಕ್ಕೆ ಯಾರೂ ರಸೀದಿ ಕೊಡುವುದಿಲ್ಲ, ಹಾಗಾಗಿ ಮರ ಬರೆಯುವಾಗ ಮರೆತು ಹೋಗುತ್ತದೆ.

ಯಾದಗಿರಿ ಅಂಗಡಿ

ಒಪ್ಪಿದೆ. ಆದರೆ ಆ 3 ಲಕ್ಷ ನಿಜವಾಗಿ ಕಳೆದು ಹೋಗುತ್ತದಾ, ಬರೀ ಮುಂದೆ ಹೋಗುತ್ತದಾ? ನಾಲ್ಕು ತಿಂಗಳು ತಡವಾಗಿ ಶುರು ಮಾಡಿದರೆ ಎರಡು ವರ್ಷವೂ ನಾಲ್ಕು ತಿಂಗಳು ತಡವಾಗಿ ಮುಗಿಯುತ್ತದೆ. ಮುಂದಿನ ವರ್ಷವೂ ಮದುವೆ ಇದ್ದೇ ಇರುತ್ತದೆ.

ಬೀದರ್ ಲೆಕ್ಕ

ಒಳ್ಳೆ ಪ್ರಶ್ನೆ. ಮಷಿನ್ ಎಷ್ಟು ವರ್ಷ ನಡೆಯುತ್ತದೋ ಅಷ್ಟೂ ವರ್ಷ ಮಾರುಕಟ್ಟೆ ಹೀಗೇ ಇದ್ದರೆ ನೀವು ಹೇಳಿದ್ದು ಸರಿ, ನಷ್ಟ 3 ಲಕ್ಷಕ್ಕಿಂತ ತುಂಬಾ ಕಡಿಮೆ. ಈ ನಡುವೆ ಇನ್ನೊಬ್ಬರು ಅದೇ ಖಾನಾವಳಿಗಳನ್ನು ಹಿಡಿದುಬಿಟ್ಟರೆ ಪೂರ್ತಿ 3 ಲಕ್ಷ, ಇನ್ನೂ ಜಾಸ್ತಿಯೂ ಆಗಬಹುದು. ಅದು ಅಕ್ಕನವರ ಓಣಿಯ ವಿಷಯ. ಇಲ್ಲಿ ಕುಳಿತು ತೀರ್ಮಾನ ಮಾಡೋಕೆ ಆಗಲ್ಲ.

ಗಂಜ್ ಕಾಕಾ (ಕಲಬುರಗಿ)

ತಂಗಿ, ಮೂವತ್ತು ವರ್ಷ ಗಂಜಿನಲ್ಲಿ ಅಡತ್ ಅಂಗಡಿ ನಡೆಸಿದವನು ನಾನು. ಮರ, ಕೊಂಬೆ ನನಗೆ ಗೊತ್ತಿಲ್ಲ. ಒಂದು ಮಾತು ಕೇಳುತ್ತೇನೆ. ಈ ಅರ್ಧಕ್ಕರ್ಧ ಎಲ್ಲಿಂದ ಬಂತು? "ಗೊತ್ತಿಲ್ಲ" ಅನ್ನುವುದಕ್ಕೆ ಅರ್ಧ ಅಂತ ಬರೆದರೆ ಅದು ಅಂದಾಜು ಅಲ್ಲ. ಮಷಿನ್ ಮಾರುವವನಿಗೆ ಫೋನ್ ಮಾಡು. ನಮ್ಮ ಕಡೆ ಎಷ್ಟು ಮಷಿನ್ ಕೊಟ್ಟಿದ್ದಾನೆ, ಎರಡು ವರ್ಷದ ಮೇಲೆ ಎಷ್ಟು ನಡೆಯುತ್ತಿವೆ ಅಂತ ಕೇಳು. ಅವನು ಹೇಳಿದ್ದನ್ನೇ ನಂಬಬೇಡ. ಊರು, ವಿಳಾಸ ತಗೊಂಡು ನೀನೇ ಹೋಗಿ ಬಾಗಿಲು ತಟ್ಟು.

ಖಡಕ್ ರೊಟ್ಟಿ (ಕಲಬುರಗಿ)

ಕಾಕಾ ಹೇಳಿದಂತೆ ಮಾಡಿದೆ, ಅದಕ್ಕೇ ಐದು ದಿನ ಬರೆಯಲಿಲ್ಲ. ಮಾರುವವರು ಹತ್ತು ವಿಳಾಸ ಕೊಟ್ಟರು, "ಎಲ್ಲಾ ಚೆನ್ನಾಗಿ ನಡೀತಿವೆ" ಅಂದರು. ಐದು ಕಡೆ ನಾನು, ನನ್ನ ಮಗ ಹೋಗಿ ಬಂದೆವು. ಐದು ಕಡೆ ಫೋನ್ ಮಾಡಿದೆವು.

ನಾಲ್ಕು ಕಡೆ ದಿನಾ ಓಡುತ್ತಿದೆ. ಎರಡು ಕಡೆ ಹಬ್ಬ, ಮದುವೆಗೆ ಮಾತ್ರ. ನಾಲ್ಕು ನಿಂತಿವೆ. ಆಳಂದ ಕಡೆಯ ಒಬ್ಬ ಅಕ್ಕ ಮಷಿನ್ ಮೇಲೆ ಹಾಸಿದ ಸೀರೆ ತೆಗೆದು ತೋರಿಸಿದರು. ಬೆಲ್ಟ್ ಮೇಲೆ ಹಿಟ್ಟು ಒಣಗಿ ಕಲ್ಲಾಗಿತ್ತು. "ರೊಟ್ಟಿ ಓಡಲಿಲ್ಲ ಅಂತಲ್ಲ ತಂಗಿ, ಖಾನಾವಳಿಯವರು ಉದ್ರಿ ತೀರಿಸಲಿಲ್ಲ" ಅಂದರು. ಕೇಳಿ ತುಂಬಾ ಬೇಜಾರಾಯಿತು.

ಹಾಗಾಗಿ 10ರಲ್ಲಿ 4 ಅಂತ ಹಿಡಿಯಲಾ?

ಬೀದರ್ ಲೆಕ್ಕ

ಹಿಡಿಯಿರಿ. ಹತ್ತೇ ಮನೆ, ಅದನ್ನು ಕಲ್ಲಿನ ಮೇಲೆ ಕೆತ್ತಿದ ಅಂಕಿ ಅನ್ನಬೇಡಿ. ಆದರೂ ಅರ್ಧಕ್ಕರ್ಧಕ್ಕಿಂತ ಎಷ್ಟೋ ಗಟ್ಟಿ. ಆಳಂದದ ಅಕ್ಕನ ಮಾತು ಮುಖ್ಯ. ಅವರಿಗೆ ಬೇಡಿಕೆ ಇತ್ತು, ವಸೂಲಿ ಇರಲಿಲ್ಲ. ನಿಮ್ಮ ಮರದಲ್ಲಿ "ಬೇಡಿಕೆ" ಅಂದರೆ ದುಡ್ಡು ಕೊಟ್ಟು ಕೊಳ್ಳುವ ಗಿರಾಕಿ ಅಂತಲೇ ಅರ್ಥ ಇಟ್ಟುಕೊಳ್ಳಿ.

ಮಗನ ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ B1 ಮನೆಯಲ್ಲಿ 0.4 ಬರೆದು ಈ ಎರಡು ಸಾಲು ಹಾಕಲು ಹೇಳಿ:

```
=B1*13-(1-B1)*6
=B1*0.8*10-(1-B1)*0.3*6-0.6
```

ಮೊದಲನೆಯದು ಈಗಲೇ ತಂದರೆ, ಎರಡನೆಯದು ಕಾದರೆ. ಉತ್ತರ ಲಕ್ಷದಲ್ಲಿ ಬರುತ್ತದೆ. ಒಂದು ಎಚ್ಚರಿಕೆ: ಪರೀಕ್ಷೆ "ಹೌದು" ಅಂದರೆ ತರುತ್ತೀರಿ, "ಇಲ್ಲ" ಅಂದರೆ ಬಿಡುತ್ತೀರಿ ಅನ್ನುವುದು ಎರಡನೇ ಸಾಲಿನ ಒಳಗೇ ಇದೆ. "ಇಲ್ಲ" ಬಂದ ಮೇಲೂ ಆಸೆ ಬಿಡದೆ ಮಷಿನ್ ತಂದರೆ ಈ ಲೆಕ್ಕ ನಿಲ್ಲುವುದಿಲ್ಲ.

ಖಡಕ್ ರೊಟ್ಟಿ (ಕಲಬುರಗಿ)

ಈಗಲೇ ತಂದರೆ 1.6. ಕಾದರೆ 1.52. ಎರಡೂ ಒಂದೇ ಆಯಿತಲ್ಲ! B1 ಬದಲಿಸುತ್ತಾ ನೋಡಿದೆವು. 0.39ರ ಹತ್ತಿರ ಎರಡೂ ಸಮ. ಮೇಲೆ ಹೋದರೆ ಈಗಲೇ ತರುವುದು ಜಾಸ್ತಿ, ಕೆಳಗೆ ಬಂದರೆ ಕಾಯುವುದು ಜಾಸ್ತಿ. 0.24ಕ್ಕೆ ಬಂದರೆ ಕಾಯುವುದೂ ಸೊನ್ನೆಗಿಂತ ಕೆಳಗೆ. ನಾನು ಸರಿಯಾಗಿ ಗಡಿ ಮೇಲೇ ನಿಂತಿದ್ದೇನೆ.

ಯಾದಗಿರಿ ಅಂಗಡಿ

ಹಾಗಾದರೆ 1.6 ದೊಡ್ಡದು. ಈಗಲೇ ತನ್ನಿ. ಇಎಂವಿ ಹೇಳಿದ ಮೇಲೆ ಮುಗಿಯಿತು.

ಬೀದರ್ ಲೆಕ್ಕ

ಅಣ್ಣಾ, 8 ಸಾವಿರದ ವ್ಯತ್ಯಾಸ ಅದು. ನಾವು ಹಾಕಿದ ಅಂಕಿಗಳಲ್ಲೇ ಲಕ್ಷದ ತಪ್ಪು ಇರುವಾಗ 8 ಸಾವಿರ ನೋಡಿ ಹೊರಡಬಾರದು. ಇಂಥ ಹೊತ್ತಿನಲ್ಲಿ ಸರಾಸರಿ ಬಿಟ್ಟು ಎಲೆಗಳನ್ನು ನೋಡಬೇಕು. ಕೊಂಬೆಯ ತುದಿಯಲ್ಲಿ ನಿಜವಾಗಿ ಕೈಗೆ ಏನು ಬರುತ್ತದೆ ಅಂತ.

ಈಗಲೇ ತಂದರೆ ತುದಿಗಳು ಎರಡೇ. 100ರಲ್ಲಿ 40 ಸಲ 13 ಲಕ್ಷ ಲಾಭ, 60 ಸಲ 6 ಲಕ್ಷ ಲುಕ್ಸಾನು.

ಕಾದರೆ ಮೂರು. 32 ಸಲ 9.4 ಲಕ್ಷ ಲಾಭ. 50 ಸಲ ಬರೀ 60 ಸಾವಿರ ಹೋಗುತ್ತದೆ. 18 ಸಲ ಮಾತ್ರ 6.6 ಲಕ್ಷ ಲುಕ್ಸಾನು.

ಸರಾಸರಿ ಹೆಚ್ಚು ಕಡಿಮೆ ಒಂದೇ. ಆದರೆ ದೊಡ್ಡ ಹೊಡೆತ ಬೀಳುವ ಸಾಧ್ಯತೆ 60ರಿಂದ 18ಕ್ಕೆ ಇಳಿಯಿತು. ಹತ್ತಾರು ಊರಿನಲ್ಲಿ ಹತ್ತಾರು ಮಷಿನ್ ಹಾಕುವ ಕಂಪನಿಗೆ ಸರಾಸರಿ ಸಾಕು, ಒಂದು ಕಡೆ ಹೋದದ್ದು ಇನ್ನೊಂದು ಕಡೆ ಬರುತ್ತದೆ. ಅಕ್ಕ ಹಾಕುವುದು ಒಂದೇ ಸಲ. ಅಕ್ಕಾ, ಕೇಳುವುದು ತಪ್ಪಾದರೆ ಬಿಡಿ, ಆ 9 ಲಕ್ಷ ಎಲ್ಲಿಂದ?

ಖಡಕ್ ರೊಟ್ಟಿ (ಕಲಬುರಗಿ)

4 ಲಕ್ಷ ನಮ್ಮ ಉಳಿತಾಯ. 5 ಲಕ್ಷ ಸಾಲ, ಮನೆ ಪತ್ರ ಇಡಬೇಕು.

ಗಂಜ್ ಕಾಕಾ (ಕಲಬುರಗಿ)

ಹಾಗಿದ್ದರೆ 6 ಲಕ್ಷ ಲುಕ್ಸಾನು ಅಂದರೆ ಬರೀ 6 ಲಕ್ಷ ಅಲ್ಲ ತಂಗಿ. ಕಾಯಿ.

ಆಳಂದ ರಸ್ತೆ

ಮೊದಲ ಸಲ ಬರೆಯುತ್ತಿದ್ದೇನೆ. ನಾನು ಎರಡು ವರ್ಷದಿಂದ ರೊಟ್ಟಿ ಮಷಿನ್ ನಡೆಸುತ್ತಿದ್ದೇನೆ. ನಿಮ್ಮ ಮಾತೆಲ್ಲ ಓದಿದೆ. ಒಂದು ವಿಷಯ ಯಾರೂ ಹೇಳಲಿಲ್ಲ.

ಅಕ್ಕ ಪರೀಕ್ಷೆ ಮಾಡಲು ಹೊರಟಿರುವುದು ಕೈಯಲ್ಲಿ ಬಡಿದ ರೊಟ್ಟಿಯಲ್ಲಿ. ಆಮೇಲೆ ಮಾರುವುದು ಮಷಿನ್ ರೊಟ್ಟಿ. ಎರಡೂ ಒಂದೇ ಅಲ್ಲ. ಬಡಿದ ರೊಟ್ಟಿ ಅಂಚಿನಲ್ಲಿ ತೆಳು, ನಡುವೆ ಉಬ್ಬು, ಮುರಿದರೆ ಪಟ್ ಅನ್ನುತ್ತದೆ. ಮಷಿನ್ ರೊಟ್ಟಿ ಎಲ್ಲಾ ಕಡೆ ಒಂದೇ ದಪ್ಪ. ಹಿಟ್ಟಿನ ಹದ, ಬಿಸಿನೀರಿನ ಅಳತೆ ಕೈ ಹತ್ತುವ ತನಕ ಮೊದಲ ತಿಂಗಳು ರೊಟ್ಟಿ ರಟ್ಟಿನಂತೆ ಬರುತ್ತದೆ. ನನ್ನ ಹಳೆ ಗಿರಾಕಿಗಳಲ್ಲಿ ಮೂರರಲ್ಲಿ ಒಬ್ಬರು ಬಿಟ್ಟು ಹೋದರು. ಬಡಿದ ರೊಟ್ಟಿ ನೋಡಿ ಜನ "ಹೌದು" ಅಂದರೆ ಅದು ಮಷಿನ್ ರೊಟ್ಟಿಗೆ ಹೇಳಿದ "ಹೌದು" ಅಲ್ಲ.

ಬೀದರ್ ಲೆಕ್ಕ

ಈ ಮಾತು ನನ್ನ ಲೆಕ್ಕವನ್ನೇ ಅಲ್ಲಾಡಿಸಿತು. ತುಂಬಾ ಉಪಕಾರ ಆಯಿತು. ಹಾಗಾದರೆ ಸುಳ್ಳು "ಹೌದು" 10ರಲ್ಲಿ 3 ಅಲ್ಲ, 5 ಅಂತ ಹಿಡಿಯಬೇಕು. ಎರಡನೇ ಸಾಲಿನಲ್ಲಿ 0.3 ಇರುವ ಕಡೆ 0.5 ಹಾಕಿದರೆ ಕಾಯುವ ಕೊಂಬೆ 1.52ರಿಂದ 0.8ಕ್ಕೆ ಬೀಳುತ್ತದೆ. ಅಂಥ ಪರೀಕ್ಷೆಗೆ ನಾಲ್ಕು ತಿಂಗಳು, ಒಂದು ಹಂಗಾಮು ಕೊಡುವುದು ವ್ಯರ್ಥ. ಕಾಯುವುದಾದರೆ ಪರೀಕ್ಷೆಯೇ ಬದಲಾಗಬೇಕು.

ಆಳಂದ ರಸ್ತೆಯವರೇ, ನಿಮ್ಮ ಮಷಿನ್ ದಿನಕ್ಕೆ ಎಷ್ಟು ಗಂಟೆ ಖಾಲಿ ಇರುತ್ತದೆ?

ಆಳಂದ ರಸ್ತೆ

ಮಧ್ಯಾಹ್ನ ಎರಡರ ಮೇಲೆ ಖಾಲಿ. ಜಾಬ್ ವರ್ಕ್ ಮಾಡಿಕೊಡುತ್ತೇನೆ. ಅಕ್ಕನವರು ತಮ್ಮ ಜೋಳ, ತಮ್ಮ ಕವರ್ ತರಲಿ. ರೊಟ್ಟಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಸಾಕು.

ಖಡಕ್ ರೊಟ್ಟಿ (ಕಲಬುರಗಿ)

ದೇವರು ನಿಮಗೆ ಒಳ್ಳೇದು ಮಾಡಲಿ ಅಣ್ಣಾ. ನಿನ್ನೆ ಹೋಗಿ ಮಾತಾಡಿಕೊಂಡು ಬಂದೆ. ಹೊಸ ಯೋಚನೆ ಇದು: ಆರು ವಾರ, ಅವರ ಮಷಿನ್ನಿನಲ್ಲಿ ಮಾಡಿದ ರೊಟ್ಟಿ, ನನ್ನ ಹೆಸರಿನ ಪ್ಯಾಕೆಟ್. ಖರ್ಚು 60ರ ಬದಲು 80 ಸಾವಿರ ಆಗುತ್ತದೆ. ಆದರೆ ಡಿಸೆಂಬರ್‌ನಲ್ಲೇ ಉತ್ತರ ಸಿಗುತ್ತದೆ, ಮದುವೆ ಹಂಗಾಮು ತಪ್ಪುವುದಿಲ್ಲ. ಲಾಭ 10ರ ಬದಲು 12 ಅಂತ ಹಿಡಿದೆ. ಸುಳ್ಳು "ಹೌದು" ಮತ್ತೆ 0.3. ಕಾಯುವ ಕೊಂಬೆ 1.96 ಬಂತು. ಈಗಲೇ ತಂದರೆ ಅದೇ 1.6.

ಎರಡು ನಿಯಮ ಮೊದಲೇ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದೇನೆ. ಮೊದಲನೇ ಆರ್ಡರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತು ಅಂಗಡಿಯಲ್ಲಿ ಆರು ಅಂಗಡಿಯವರು ಹಳೆ ಬಾಕಿ ಕೊಟ್ಟು ಎರಡನೇ ಸಲ ಮಾಲು ಕೇಳಿದರೆ ಮಾತ್ರ "ಹೌದು". ಐದು ಬಂದರೂ "ಇಲ್ಲ".

ಬೀದರ್ ಲೆಕ್ಕ

ಗೋಡೆಗೆ ಅಂಟಿಸಿದ್ದು ಬಹಳ ಒಳ್ಳೇದಾಯಿತು. ಐದು ಬಂದ ದಿನ ಮನಸ್ಸು "ಹತ್ತಿರ ಇದೆಯಲ್ಲ" ಅನ್ನುತ್ತದೆ. ಬಾಕಿ ಕೊಟ್ಟ ಮೇಲೆ ಅನ್ನುವ ಮಾತು ಸೇರಿಸಿದ್ದೂ ಸರಿ.

ಯಾದಗಿರಿ ಅಂಗಡಿ

ನನಗೆ ಇನ್ನೂ ಒಂದು ಅನುಮಾನ. ನಾನು ಅಂಗಡಿಯವನಾಗಿ ಹೇಳುತ್ತೇನೆ. ಖಡಕ್ ರೊಟ್ಟಿ ಕೆಡುವುದಿಲ್ಲ, ಒಂದು ಪ್ಯಾಕೆಟ್ ಮನೆಯಲ್ಲಿ ತಿಂಗಳು ಇರುತ್ತದೆ. ಆರು ವಾರದಲ್ಲಿ ಗಿರಾಕಿ ಎರಡನೇ ಸಲ ಬರುವುದೇ ಕಷ್ಟ. ನಾನು ಎರಡನೇ ಆರ್ಡರ್ ಕೊಟ್ಟರೂ ಅದು ಹೊಸ ಗಿರಾಕಿಗೆ ಹೋದ ಮಾಲು ಇರಬಹುದು. ಆರು ವಾರದ ಪರೀಕ್ಷೆ ನಾಲ್ಕು ತಿಂಗಳಷ್ಟೇ ಸರಿ ಹೇಳುತ್ತದೆ ಅಂತ ಹೇಗೆ ನಂಬುವುದು?

ಬೀದರ್ ಲೆಕ್ಕ

ನಂಬಲು ಆಗಲ್ಲ. 0.8 ಇರುವ ಕಡೆ 0.75, 0.3 ಇರುವ ಕಡೆ 0.35 ಹಾಕಿದರೆ 1.54ಕ್ಕೆ ಇಳಿಯುತ್ತದೆ, ಮತ್ತೆ ಸಮಸಮ. ಸಾಲದ ವಿಷಯ ಗೊತ್ತಿರುವುದರಿಂದ ಆಗಲೂ ನಾನು ಕಾಯುವ ಕಡೆಯೇ. ಖಾನಾವಳಿಗಳಲ್ಲಿ ಈ ತೊಂದರೆ ಕಡಿಮೆ, ಅಲ್ಲಿ ರೊಟ್ಟಿ ದಿನಾ ಖರ್ಚಾಗುತ್ತದೆ. ಹತ್ತರಲ್ಲಿ ಅರ್ಧ ಖಾನಾವಳಿ ಆಗಲಿ.

ಗಂಜ್ ಕಾಕಾ (ಕಲಬುರಗಿ)

ಖಾನಾವಳಿಗೆ ಉದ್ರಿ ಕೊಡದೆ ಎರಡನೇ ಆರ್ಡರ್ ಬರುವುದಿಲ್ಲ. ಉದ್ರಿ ಕೊಟ್ಟರೆ ಆರು ವಾರದಲ್ಲಿ ವಸೂಲಿ ಗೊತ್ತಾಗುವುದಿಲ್ಲ. ಅದನ್ನು ಏನು ಮಾಡುತ್ತೀರಿ?

ಖಡಕ್ ರೊಟ್ಟಿ (ಕಲಬುರಗಿ)

ಐದು ಖಾನಾವಳಿ, ಐದು ಕಿರಾಣಿ ಅಂತ ಬರೆದುಕೊಂಡೆ. ಖಾನಾವಳಿಗೆ ಒಂದು ವಾರದ ಉದ್ರಿ ಮಾತ್ರ ಕೊಟ್ಟು ನೋಡುತ್ತೇನೆ ಕಾಕಾ. ಒಪ್ಪದವರನ್ನು "ಇಲ್ಲ" ಅಂತಲೇ ಎಣಿಸುತ್ತೇನೆ. ಸೋಮವಾರ 20 ಕೆಜಿ ಜೋಳ ಗಿರಣಿಗೆ ಹಾಕುತ್ತಿದ್ದೇನೆ. ಎರಡನೇ ಆರ್ಡರ್ ಬಂದಾಗ ಇಲ್ಲೇ ಬರೆಯುತ್ತೇನೆ, ಬರದಿದ್ದರೂ ಬರೆಯುತ್ತೇನೆ.